ಈರುಳ್ಳಿ ಪೊರೆಯ ಸ್ಲೈಡ್: ಪದೇ ಪದೇ ಕೇಳುವ ಪ್ರಶ್ನೆಗಳು

9ನೇ ತರಗತಿಯ ಈ ಪ್ರಯೋಗ ಹೇಳಲು ನಾಲ್ಕು ಸಾಲು. ಮಾಡಲು ಕೂತಾಗ ಮಾತ್ರ ಒಬ್ಬರಿಗೆ ಇಟ್ಟಿಗೆ ಜೋಡಿಸಿದಂಥ ಕೋಶಗಳು ಕಾಣುತ್ತವೆ, ಪಕ್ಕದವರಿಗೆ ಬರೀ ಗುಲಾಬಿ ಮಸುಕು. ದೋಷ ಸೂಕ್ಷ್ಮದರ್ಶಕದ್ದು ಎಂದು ತಿರುಪು ತಿರುಗಿಸುತ್ತ ಕೂರುವವರೇ ಹೆಚ್ಚು. ಆದರೆ ಇಂಥ ಬಹುತೇಕ ತೊಂದರೆಗಳು ಪೊರೆ ಬಿಡಿಸುವಾಗ, ಹನಿ ಹಾಕುವಾಗ, ಕವರ್ ಸ್ಲಿಪ್ ಮುಚ್ಚುವಾಗಲೇ ಆಗಿರುತ್ತವೆ. ಅದಕ್ಕೇ ಇಲ್ಲಿನ ಉತ್ತರಗಳಲ್ಲಿ ಹೆಚ್ಚಿನವು ಸ್ಲೈಡ್ ಮಾಡುವುದರ ಬಗ್ಗೆಯೇ ಇವೆ.

ಯಾವ ಈರುಳ್ಳಿ ತೆಗೆದುಕೊಳ್ಳಬೇಕು?

ಕೈಯಲ್ಲಿ ಒತ್ತಿದರೆ ಗಟ್ಟಿಯಾಗಿರುವ, ಮೊಳಕೆ ಬಾರದ, ಸಾಧಾರಣ ದೊಡ್ಡ ಗಡ್ಡೆ. ಅಡುಗೆಮನೆಯ ಬುಟ್ಟಿಯಲ್ಲಿರುವ ಕೆಂಪು ಈರುಳ್ಳಿಯೇ ಸಾಕು. ಸಾಂಬಾರ್ ಈರುಳ್ಳಿಯಲ್ಲೂ ಕೋಶಗಳು ಕಾಣುತ್ತವೆ, ಆದರೆ ಪದರದ ಬಾಗು ಜಾಸ್ತಿ ಇರುವುದರಿಂದ ಪೊರೆ ಚಪ್ಪಟೆಯಾಗಿ ಕೂರುವುದು ಕಷ್ಟ. ಮೆತ್ತಗಾದ, ಬಾಡಿದ ಈರುಳ್ಳಿಯನ್ನು ಬಿಟ್ಟುಬಿಡಿ. ಅದರ ಕೋಶಗಳು ನೀರು ಕಳೆದುಕೊಂಡು ಬಿಗಿ ತಪ್ಪಿರುತ್ತವೆ, ಪೊರೆ ಹಾಳೆಯಾಗಿ ಬಾರದೆ ಚೂರುಚೂರಾಗಿ ಹರಿಯುತ್ತದೆ.

ಮೇಲಿನ ಒಣ ಸಿಪ್ಪೆಯನ್ನೇ ಇಟ್ಟರೆ ಆಗದೇ? ಅದೂ ತೆಳ್ಳಗೇ ಇದೆಯಲ್ಲ?

ಆಗದು. ಒಣ ಸಿಪ್ಪೆಯ ಕೋಶಗಳು ಸತ್ತಿರುತ್ತವೆ. ಭಿತ್ತಿಯ ಗೆರೆಗಳು ಕಾಣಬಹುದು, ಒಳಗೆ ಕೋಶಕೇಂದ್ರ ಸಿಗುವುದಿಲ್ಲ. ನಮಗೆ ಬೇಕಾದದ್ದು ಒಳಗಿನ ರಸಭರಿತ ಪದರಗಳ ಮೇಲಿನ ಪೊರೆ.

ಅಂಥ ಪ್ರತಿ ಪದರಕ್ಕೂ ಎರಡು ಮೈ. ಹೊರಗೆ ಉಬ್ಬಿದ ಮೈ ಮೇಲೊಂದು ಪೊರೆ, ಒಳಗೆ ತಗ್ಗಾದ ಮೈ ಮೇಲೊಂದು ಪೊರೆ, ನಡುವೆ ತಿರುಳು. ಪ್ರಯೋಗಕ್ಕೆ ತಗ್ಗಾದ ಮೈಯ ಪೊರೆಯೇ ಸರಿ. ಅದು ತಿರುಳಿಗೆ ಸಡಿಲವಾಗಿ ಅಂಟಿಕೊಂಡಿರುತ್ತದೆ, ಹೀಗಾಗಿ ಒಂದೇ ಒಂದು ಕೋಶದಷ್ಟು ದಪ್ಪದ ಹಾಳೆಯಾಗಿ ಬಿಡಿಸಿಕೊಂಡು ಬರುತ್ತದೆ. ಉಬ್ಬಿದ ಮೈಯದು ಬಿಗಿಯಾಗಿ ಹಿಡಿದಿರುತ್ತದೆ, ಎಳೆದರೆ ತಿರುಳನ್ನೂ ಕಿತ್ತುಕೊಂಡೇ ಬರುತ್ತದೆ. ಪಠ್ಯದಲ್ಲಿ ‘ಒಳಭಾಗದಿಂದ’ ಎಂದು ಒತ್ತಿ ಹೇಳುವುದು ಇದಕ್ಕೇ.

ಹರಿಯದಂತೆ ಪೊರೆ ಬಿಡಿಸುವುದು ಹೇಗೆ?

ಗಡ್ಡೆಯನ್ನು ಉದ್ದಕ್ಕೆ ನಾಲ್ಕು ಹೋಳು ಮಾಡಿ. ಮೇಲಿನ ಒಂದೆರಡು ಪದರ ಬಿಟ್ಟು ಅದರ ಒಳಗಿನ ಒಂದು ದಪ್ಪ ಪದರವನ್ನು ಬೇರ್ಪಡಿಸಿ. ಅದರ ತಗ್ಗಾದ ಮೈ ಮೇಲೆ ಬ್ಲೇಡಿನ ಮೂಲೆಯಿಂದ ಹಗುರವಾಗಿ ಚೌಕ ಗೀರಿ, ಬದಿ 5ರಿಂದ 8 ಮಿ.ಮೀ. ಇದ್ದರೆ ಸಾಕು. ಗೀರು ಪೊರೆಯನ್ನು ಕೊಯ್ದರೆ ಮುಗಿಯಿತು, ತಿರುಳಿನ ಆಳಕ್ಕೆ ಇಳಿಯಬೇಕಿಲ್ಲ. ಚೌಕದ ಒಂದು ಮೂಲೆಯನ್ನು ಚಿಮಟದಿಂದ ಹಿಡಿದು, ಮೇಲಕ್ಕೆ ಎತ್ತದೆ, ಪದರದ ಮೈಗೆ ಒರಗಿಸಿಕೊಂಡಂತೆ ನಿಧಾನಕ್ಕೆ ಎಳೆಯಿರಿ.

ಇನ್ನೊಂದು ದಾರಿ ಬ್ಲೇಡಿಲ್ಲದ್ದು, ಚಿಕ್ಕ ಮಕ್ಕಳಿಗೆ ಇದೇ ವಾಸಿ. ಪದರವನ್ನು ತಗ್ಗು ಮೈ ಹೊರಗೆ ಬರುವಂತೆ ಹಿಂದಕ್ಕೆ ಬಾಗಿಸಿ ಪಟ್ಟನೆ ಮುರಿಯುವುದು. ತಿರುಳು ಮುರಿದರೂ ಪೊರೆ ಹಲವು ಸಲ ತುಂಡಾಗದೆ ಮುರಿದ ಅಂಚಿನಲ್ಲಿ ಜೋತಾಡುತ್ತಿರುತ್ತದೆ. ಅದನ್ನು ಹಿಡಿದು ಎಳೆದುಕೊಳ್ಳಬಹುದು.

ಸರಿಯಾಗಿ ಬಂದಿದೆಯೇ ಎಂದು ಬರಿಗಣ್ಣಿಗೇ ತಿಳಿಯುತ್ತದೆ. ಒಳ್ಳೆಯ ಪೊರೆ ತೇವಗೊಂಡ ಪ್ಲಾಸ್ಟಿಕ್ ಹಾಳೆಯಂತೆ ಪಾರದರ್ಶಕ, ಮುದ್ರಿತ ಅಕ್ಷರದ ಮೇಲೆ ಇಟ್ಟರೆ ಅಕ್ಷರ ಓದಬಹುದು. ಎಲ್ಲಾದರೂ ಬಿಳಿಚಾಗಿ, ಹಾಲು ಚೆಲ್ಲಿದಂತೆ ಕಂಡರೆ ಅಲ್ಲಿ ತಿರುಳು ಅಂಟಿದೆ ಎಂದರ್ಥ. ಆ ಜಾಗದಲ್ಲಿ ಕೋಶಗಳ ಮೇಲೆ ಕೋಶಗಳು ಕೂತಿರುವುದರಿಂದ ಯಾವ ಮಸೂರ ಹಾಕಿದರೂ ಗೆರೆ ಸ್ಪಷ್ಟವಾಗದು. ಆ ಭಾಗ ಕತ್ತರಿಸಿ ತೆಗೆಯಿರಿ, ಇಲ್ಲವೇ ಹೊಸ ಪೊರೆ ಬಿಡಿಸಿ. ಈರುಳ್ಳಿಗೇನೂ ಬರವಿಲ್ಲ.

ಬಿಡಿಸಿದ ಕೂಡಲೇ ನೀರಿಗೆ ಹಾಕಲೇಬೇಕೆ?

ಹೌದು, ಆಗಿಂದಾಗಲೇ. ಗಾಳಿಯಲ್ಲಿ ಪೊರೆ ಬೇಗ ಒಣಗಿ ಸುರುಳಿ ಸುತ್ತಿಕೊಳ್ಳುತ್ತದೆ. ಸುರುಳಿಯನ್ನು ಆಮೇಲೆ ಸೂಜಿಯಿಂದ ಬಿಡಿಸಲು ಹೋದರೆ ಕೋಶಗಳು ಜಜ್ಜಿಹೋಗುತ್ತವೆ. ವಾಚ್ ಗ್ಲಾಸ್ ಇಲ್ಲದಿದ್ದರೆ ಚಿಕ್ಕ ಬಟ್ಟಲು ಆದೀತು. ಅಲ್ಲಿಂದ ಸ್ಲೈಡಿಗೆ ಸಾಗಿಸಲು ಚಿಮಟಕ್ಕಿಂತ ಮೃದು ಕೂದಲಿನ ಸಣ್ಣ ಬ್ರಷ್ ಒಳ್ಳೆಯದು. ಸ್ಲೈಡಿನ ಮೇಲೆ ಮೊದಲೇ ಒಂದು ಹನಿ ನೀರಿರಲಿ, ಪೊರೆ ಆ ಹನಿಯಲ್ಲಿ ತೇಲಿ ತಾನೇ ಬಿಚ್ಚಿಕೊಳ್ಳುತ್ತದೆ. ಒಣ ಗಾಜಿನ ಮೇಲಿಟ್ಟರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ.

ಸ್ಯಾಫ್ರನಿನ್, ಅಯೋಡಿನ್, ಮೆಥಿಲೀನ್ ಬ್ಲೂ: ಯಾವುದು ಮೇಲು?

ಏನನ್ನು ನೋಡಬೇಕು ಎಂಬುದರ ಮೇಲೆ ನಿಂತಿದೆ. ಸ್ಯಾಫ್ರನಿನ್ ಕೋಶಭಿತ್ತಿಯನ್ನು ಗುಲಾಬಿಯಾಗಿಸಿ ಕೋಶಗಳ ಆಕಾರವನ್ನು ಎದ್ದು ಕಾಣಿಸುತ್ತದೆ, ಕೋಶಕೇಂದ್ರಕ್ಕೆ ಅದಕ್ಕಿಂತ ಗಾಢ ಕೆಂಪು ಬರುತ್ತದೆ. ಅಯೋಡಿನ್ ಕೋಶಗಳನ್ನು ಬೇಗ ಕೊಂದು ಒಳಗೆ ಇಳಿಯುತ್ತದೆ, ಕೋಶಕೇಂದ್ರ ಹಳದಿ ಮಿಶ್ರಿತ ಕಂದು ಬಣ್ಣದಲ್ಲಿ ಬಿಡಿಯಾಗಿ ಎದ್ದು ನಿಲ್ಲುತ್ತದೆ. ಮೆಥಿಲೀನ್ ಬ್ಲೂ ಕೂಡ ಕೋಶಕೇಂದ್ರವನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಸ್ವಲ್ಪ ಹೆಚ್ಚಾದರೂ ಇಡೀ ಸ್ಲೈಡ್ ನೀಲಿ.

ಪ್ರಾಯೋಗಿಕ ಪರೀಕ್ಷೆಗಾದರೆ ಶಾಲೆಯಲ್ಲಿ ಕೊಟ್ಟಿರುವ ಬಣ್ಣವನ್ನೇ ಬಳಸಿ, ಬಹುತೇಕ ಕಡೆ ಅದು ಸ್ಯಾಫ್ರನಿನ್. ಮನೆಯಲ್ಲಿ ಮೊದಲ ಸಲ ಮಾಡುವವರಿಗೆ ನಮ್ಮ ಮತ ಅಯೋಡಿನ್‌ಗೆ, ಏಕೆಂದರೆ ಅದರಲ್ಲಿ ಕೈತಪ್ಪಿಗೆ ಕ್ಷಮೆ ಹೆಚ್ಚು. ಔಷಧಿ ಅಂಗಡಿಯ ಟಿಂಚರ್ ಅಯೋಡಿನ್ ಸಿಕ್ಕರೆ ಒಂದು ಹನಿಗೆ ನಾಲ್ಕೈದು ಹನಿ ನೀರು ಬೆರೆಸಿಕೊಳ್ಳಿ. ತಿಳಿ ಚಹಾದ ಬಣ್ಣ ಬಂದರೆ ಹದ ಸರಿ. ಯಾವುದೇ ಬಣ್ಣವಾಗಲಿ, ಬಟ್ಟೆಗೂ ಬೆರಳಿಗೂ ಹತ್ತಿದರೆ ಬೇಗ ಹೋಗುವುದಿಲ್ಲ, ಅಡಿಗೆ ಹಳೆಯ ಪತ್ರಿಕೆ ಹಾಸಿಕೊಳ್ಳಿ.

ಅಯೋಡಿನ್ ಹಾಕಿದರೂ ಕಡು ನೀಲಿ ಬರಲಿಲ್ಲ. ದ್ರಾವಣ ಕೆಟ್ಟಿದೆಯೇ?

ಇಲ್ಲ. ಕಡು ನೀಲಿ ಬರುವುದು ಪಿಷ್ಟ ಇದ್ದಲ್ಲಿ, ಆಲೂಗಡ್ಡೆಯಲ್ಲಿ ಬಂದ ಹಾಗೆ. ಈರುಳ್ಳಿ ತನ್ನ ಆಹಾರವನ್ನು ಪಿಷ್ಟವಾಗಿ ಅಲ್ಲ, ಸಕ್ಕರೆ ಮತ್ತು ಫ್ರಕ್ಟಾನ್‌ಗಳಾಗಿ ಕೂಡಿಡುತ್ತದೆ. ಇಲ್ಲಿ ಕಂದು ಹಳದಿಯೇ ಸರಿಯಾದ ಫಲಿತಾಂಶ.

ಸ್ಯಾಫ್ರನಿನ್ ಎಷ್ಟು ಹಾಕಬೇಕು, ಎಷ್ಟು ಹೊತ್ತು ಬಿಡಬೇಕು?

ಲ್ಯಾಬಿನಲ್ಲಿ ಸಾಮಾನ್ಯವಾಗಿ ಇರುವುದು ಶೇ 1ರ ದ್ರಾವಣ, ಅಂದರೆ 100 ಮಿ.ಲೀ. ಭಟ್ಟಿ ಇಳಿಸಿದ ನೀರಿಗೆ 1 ಗ್ರಾಂ ಪುಡಿ. ಅದು ಹಳೆಯದಾಗಿ ತಳದಲ್ಲಿ ಕಣ ಕೂತಿದ್ದರೆ ಸೋಸಿ ಬಳಸಿ. ಸೋಸದಿದ್ದರೆ ಸ್ಲೈಡಿನ ಮೇಲೆ ಕೆಂಪು ಚುಕ್ಕಿಗಳು ಹರಡಿಕೊಂಡು, ಅವನ್ನೇ ಕೋಶಕೇಂದ್ರ ಎಂದು ಗುರುತಿಸುವ ಪ್ರಮಾದವಾಗುತ್ತದೆ.

ಬಣ್ಣವನ್ನು ಸ್ಲೈಡಿನ ಮೇಲೆಯೇ ಹಾಕುವುದು ರೂಢಿ. ಅದಕ್ಕಿಂತ ಒಂದು ವಾಚ್ ಗ್ಲಾಸಿನಲ್ಲಿ ನೀರು ಹಾಕಿ ಎರಡು ಹನಿ ಸ್ಯಾಫ್ರನಿನ್ ಬೆರೆಸಿ, ಪೊರೆಯನ್ನು ಅದರಲ್ಲಿ ಒಂದೆರಡು ನಿಮಿಷ ಬಿಟ್ಟರೆ ಬಣ್ಣ ಎಲ್ಲ ಕಡೆ ಸಮನಾಗಿ ಹತ್ತುತ್ತದೆ. ನೇರವಾಗಿ ಶೇ 1ರ ದ್ರಾವಣವನ್ನೇ ಹಾಕುವುದಾದರೆ ಅರ್ಧ ನಿಮಿಷ ಸಾಕು. ಆಮೇಲೆ ಶುದ್ಧ ನೀರಿನಲ್ಲಿ ಎರಡು ಸಲ ಅದ್ದಿ ತೆಗೆಯುವುದನ್ನು ಮರೆಯಬೇಡಿ. ತೊಳೆಯದಿದ್ದರೆ ಕೋಶದ ಸುತ್ತಲಿನ ನೀರೇ ಗುಲಾಬಿಯಾಗಿ, ಕೋಶಕ್ಕೂ ಹಿನ್ನೆಲೆಗೂ ವ್ಯತ್ಯಾಸ ಅಳಿಸಿಹೋಗುತ್ತದೆ.

ಸ್ಯಾಫ್ರನಿನ್ ಧನ ಆವೇಶದ ಬಣ್ಣ. ಕೋಶಕೇಂದ್ರದಲ್ಲಿರುವ ಡಿಎನ್ಎ ಮತ್ತು ಆರ್‌ಎನ್ಎ ಋಣ ಆವೇಶದವು, ಭಿತ್ತಿಯಲ್ಲಿರುವ ಪೆಕ್ಟಿನ್ ಕೂಡ ಹಾಗೆಯೇ. ಆದ್ದರಿಂದ ಈ ಎರಡು ಕಡೆ ಅದು ಹಿಡಿದು ನಿಲ್ಲುತ್ತದೆ. ಆದರೆ ಜೀವಂತ ಕೋಶದ ಪೊರೆ ಬಣ್ಣವನ್ನು ಸುಲಭಕ್ಕೆ ಒಳಬಿಡುವುದಿಲ್ಲ. ಅದಕ್ಕೇ ಹರಿದ ಅಂಚಿನ, ಗಾಯಗೊಂಡ ಕೋಶಗಳಲ್ಲಿ ಕೋಶಕೇಂದ್ರ ಗಾಢವಾಗಿಯೂ, ನಡುವಿನ ಆರೋಗ್ಯವಂತ ಕೋಶಗಳಲ್ಲಿ ಮಂಕಾಗಿಯೂ ಕಾಣುವುದುಂಟು.

ಬಣ್ಣ ಜಾಸ್ತಿಯಾಗಿಬಿಟ್ಟಿದೆ. ಎಲ್ಲ ಬಿಚ್ಚಿ ಮತ್ತೆ ಮಾಡಬೇಕೆ?

ಬೇಡ. ಕವರ್ ಸ್ಲಿಪ್‌ನ ಒಂದು ಅಂಚಿಗೆ ಒಂದು ಹನಿ ನೀರು ಇಡಿ, ಎದುರಿನ ಅಂಚಿಗೆ ಫಿಲ್ಟರ್ ಪೇಪರ್ ಚೂರನ್ನು ತಾಗಿಸಿ. ಕಾಗದ ಹೀರಿದಂತೆಲ್ಲ ನೀರು ಅಡಿಯಿಂದ ಹರಿದು ಹೆಚ್ಚಿನ ಬಣ್ಣವನ್ನು ಒಯ್ಯುತ್ತದೆ. ಎರಡು ಮೂರು ಹನಿಗೆ ಹಿನ್ನೆಲೆ ತಿಳಿಯಾಗುತ್ತದೆ. ಮೊದಲು ಬಣ್ಣವಿಲ್ಲದೆ ಕೋಶಗಳನ್ನು ನೋಡಿ, ಆಮೇಲೆ ಅದೇ ಕೋಶಗಳಿಗೆ ಬಣ್ಣ ಹತ್ತುವುದನ್ನು ನೋಡಬೇಕೆನಿಸಿದರೂ ಇದೇ ಉಪಾಯ, ನೀರಿನ ಬದಲು ಬಣ್ಣದ ಹನಿ.

ಕೊನೆಗೆ ನೀರಿನಲ್ಲಿ ಇಡಬೇಕೋ, ಗ್ಲಿಸರಿನ್‌ನಲ್ಲೋ?

ತಕ್ಷಣ ನೋಡಿ ಮುಗಿಸುವುದಾದರೆ ನೀರು. ತರಗತಿಯವರೆಲ್ಲ ಸಾಲಾಗಿ ಬಂದು ನೋಡಬೇಕಿದ್ದರೆ ಗ್ಲಿಸರಿನ್, ಅದು ನೀರಿನಂತೆ ಆರಿಹೋಗುವುದಿಲ್ಲ. ಆದರೆ ಗಟ್ಟಿ ಗ್ಲಿಸರಿನ್ ಜೀವಂತ ಕೋಶದಿಂದ ನೀರು ಎಳೆದು ಒಳಗಿನದೆಲ್ಲ ಭಿತ್ತಿಯಿಂದ ಕುಗ್ಗುವಂತೆ ಮಾಡುತ್ತದೆ. ಸಮಪಾಲು ನೀರು ಬೆರೆಸಿದರೆ ಈ ತೊಂದರೆ ಕಡಿಮೆ. ಹನಿ ಚಿಕ್ಕದಿರಲಿ. ಕವರ್ ಸ್ಲಿಪ್ ಆಚೆ ಉಕ್ಕಿದ ಗ್ಲಿಸರಿನ್ 40ಎಕ್ಸ್ ಮಸೂರಕ್ಕೆ ಮೆತ್ತಿಕೊಂಡರೆ ಮುಂದೆ ಯಾವ ಸ್ಲೈಡ್ ಇಟ್ಟರೂ ಮಂಜು.

ಗಾಳಿಗುಳ್ಳೆ ಬರದಂತೆ ಕವರ್ ಸ್ಲಿಪ್ ಹಾಕುವುದು ಹೇಗೆ?

ಕವರ್ ಸ್ಲಿಪ್ಪಿನ ಒಂದು ಅಂಚನ್ನು ಹನಿಯ ಪಕ್ಕದಲ್ಲಿ ಸ್ಲೈಡಿಗೆ ತಾಗಿಸಿ ಓರೆಯಾಗಿ ನಿಲ್ಲಿಸಿ. ಅದನ್ನು ಹನಿಯ ಕಡೆಗೆ ಸರಿಸಿದಾಗ ನೀರು ಆ ಅಂಚಿನುದ್ದಕ್ಕೂ ಹರಿದು ನಿಲ್ಲುತ್ತದೆ. ಈಗ ಎದುರಿನ ಅಂಚಿಗೆ ಸೂಜಿಯ ಆಸರೆ ಕೊಟ್ಟು ನಿಧಾನಕ್ಕೆ ಇಳಿಸಿ, ಕೊನೆಗೆ ಸೂಜಿಯನ್ನು ಎಳೆದುಕೊಳ್ಳಿ. ನೀರು ಒಂದು ಬದಿಯಿಂದ ಇನ್ನೊಂದಕ್ಕೆ ಹರಡುತ್ತ ಗಾಳಿಯನ್ನು ಮುಂದೆ ತಳ್ಳಿಕೊಂಡು ಹೋಗುತ್ತದೆ. ಮೇಲಿನಿಂದ ಪಟ್ಟಂತ ಬಿಟ್ಟರೆ ಗಾಳಿಗೆ ಹೊರಹೋಗಲು ದಾರಿ ಇಲ್ಲ.

ಅಂಚಿನಲ್ಲಿ ಉಳಿದ ನೀರನ್ನು ಫಿಲ್ಟರ್ ಪೇಪರಿಗೆ ಹೀರಿಸಿ. ನೀರು ಹೆಚ್ಚಿದ್ದರೆ ಕವರ್ ಸ್ಲಿಪ್ ತೇಲಾಡುತ್ತದೆ, ಫೋಕಸ್ ಮಾಡಿದ ಕೋಶ ಕಣ್ಣೆದುರೇ ಜಾರಿಹೋಗುತ್ತದೆ. ಗುಳ್ಳೆ ಬಂದದ್ದೇ ಆದರೆ ಬೆರಳಿಂದ ಒತ್ತಬೇಡಿ, ಗಾಜು ಒಡೆಯುತ್ತದೆ ಅಥವಾ ಕೋಶಗಳು ಜಜ್ಜುತ್ತವೆ. ಸೂಜಿಯಿಂದ ಒಂದು ಬದಿ ಎತ್ತಿ, ಅಲ್ಲಿ ನೀರು ಸೇರಿಸಿ, ಮತ್ತೆ ಇಳಿಸಿ.

ದುಂಡಗಿನ, ಕಪ್ಪು ಅಂಚಿನ ದೊಡ್ಡದೊಂದು ಕಾಣುತ್ತಿದೆ. ಅದೇ ಕೋಶವೇ?

ಅದು ಗಾಳಿಗುಳ್ಳೆ. ಅದರ ಸುತ್ತ ದಪ್ಪ ಕರಿ ಉಂಗುರವಿದ್ದು ನಡುಭಾಗ ಹೊಳೆಯುತ್ತದೆ, ಒಳಗೆ ಬಣ್ಣ ಇರುವುದಿಲ್ಲ. ಈರುಳ್ಳಿ ಕೋಶ ದುಂಡಗಿರುವುದಿಲ್ಲ, ಉದ್ದನೆಯ ಚೌಕಟ್ಟಿನಂತೆ ಇದ್ದು ತುದಿಗಳು ಓರೆಯಾಗಿರುತ್ತವೆ, ನಾಲ್ಕೂ ಕಡೆ ಅಕ್ಕಪಕ್ಕದ ಕೋಶಗಳಿಗೆ ತಾಗಿಕೊಂಡಿರುತ್ತದೆ.

ಸೂಕ್ಷ್ಮದರ್ಶಕದಲ್ಲಿ ಬೆಳಕು, ಫೋಕಸ್ ಹೊಂದಿಸುವ ಕ್ರಮ ಏನು?

ಕನ್ನಡಿ ಇರುವ ಸೂಕ್ಷ್ಮದರ್ಶಕವಾದರೆ ಕಿಟಕಿಯ ಹತ್ತಿರ, ಬಿಸಿಲು ನೇರ ಬೀಳದ ಕಡೆ ಇಡಿ. ಕನ್ನಡಿಯನ್ನು ಎಂದೂ ಸೂರ್ಯನತ್ತ ತಿರುಗಿಸಬೇಡಿ, ಕಣ್ಣಿಗೆ ಅಪಾಯ. ಕಂಡೆನ್ಸರ್ ಇದ್ದರೆ ಕನ್ನಡಿಯ ಚಪ್ಪಟೆ ಮುಖ, ಇಲ್ಲದಿದ್ದರೆ ತಗ್ಗಾದ ಮುಖ. ಐಪೀಸಿನಲ್ಲಿ ನೋಡುತ್ತ, ವೃತ್ತವಿಡೀ ಸಮನಾದ ಬೆಳಕು ಬರುವ ತನಕ ಕನ್ನಡಿಯನ್ನು ತಿರುಗಿಸಿ.

ಮೊದಲು ಚಿಕ್ಕ ಮಸೂರ, 4ಎಕ್ಸ್ ಅಥವಾ 10ಎಕ್ಸ್. ಪಕ್ಕದಿಂದ ನೋಡುತ್ತ ಮಸೂರವನ್ನೂ ಸ್ಲೈಡನ್ನೂ ಹತ್ತಿರ ತನ್ನಿ. ಆಮೇಲೆ ಐಪೀಸಿನಲ್ಲಿ ಕಣ್ಣಿಟ್ಟು, ಎರಡೂ ದೂರವಾಗುವ ದಿಕ್ಕಿನಲ್ಲಿ ಮಾತ್ರ ದೊಡ್ಡ ತಿರುಪು ತಿರುಗಿಸಿ ಕೋಶಗಳನ್ನು ಹುಡುಕಿ. ಈ ಕ್ರಮದಲ್ಲಿ ಮಸೂರ ಗಾಜಿಗೆ ಗುದ್ದುವ ಪ್ರಸಂಗವೇ ಬರದು. ಸ್ಲೈಡನ್ನು ಎಡಕ್ಕೆ ಸರಿಸಿದರೆ ಬಿಂಬ ಬಲಕ್ಕೆ ಹೋಗುತ್ತದೆ, ಅದು ದೋಷವಲ್ಲ, ಬಿಂಬವೇ ತಲೆಕೆಳಗು.

ಕೋಶಗಳ ಗೆರೆ ಮಂಕಾಗಿದ್ದರೆ ಬೆಳಕು ಕಡಿಮೆ ಎಂದುಕೊಂಡು ಡಯಾಫ್ರಾಮ್ ಪೂರ್ತಿ ತೆರೆಯುವವರಿದ್ದಾರೆ. ಮಾಡಬೇಕಾದದ್ದು ಅದರ ಉಲ್ಟಾ. ಪಾರದರ್ಶಕ ಪೊರೆಯನ್ನು ಹೆಚ್ಚಿನ ಬೆಳಕು ಅಳಿಸಿಹಾಕುತ್ತದೆ. ಡಯಾಫ್ರಾಮನ್ನು ಸ್ವಲ್ಪ ಸ್ವಲ್ಪವೇ ಮುಚ್ಚುತ್ತ ಬಂದರೆ ಭಿತ್ತಿಗಳ ಗೆರೆ ಗಾಢವಾಗುವುದನ್ನು ಕಾಣಬಹುದು.

10ಎಕ್ಸ್‌ನಲ್ಲಿ ಚೆನ್ನಾಗಿತ್ತು, 40ಎಕ್ಸ್‌ಗೆ ತಿರುಗಿಸಿದ ಕೂಡಲೇ ಎಲ್ಲ ಮಾಯ. ಯಾಕೆ?

ಸಾಮಾನ್ಯ ಕಾರಣ, ನೋಡುತ್ತಿದ್ದ ಕೋಶ ವೃತ್ತದ ನಡುವೆ ಇರಲಿಲ್ಲ. 40ಎಕ್ಸ್ ತೋರಿಸುವುದು ಹಿಂದಿನ ವೃತ್ತದ ನಟ್ಟನಡುವಿನ ಕಾಲು ಅಗಲವನ್ನು ಮಾತ್ರ. ಬೇಕಾದ ಕೋಶವನ್ನು ಮಧ್ಯಕ್ಕೆ ತಂದು, ಸ್ಪಷ್ಟ ಮಾಡಿಕೊಂಡು, ಆಮೇಲೆ ಮಸೂರ ತಿರುಗಿಸಿ. ಅಲ್ಲಿಂದ ಚಿಕ್ಕ ತಿರುಪು ಬಿಟ್ಟು ಇನ್ನೊಂದನ್ನು ಮುಟ್ಟಬೇಡಿ.

ಹಾಗೆ ಮಾಡಿಯೂ ಫೋಕಸ್ ಸಿಗದೆ ಮಸೂರ ಗಾಜಿಗೆ ತಾಗುವಂತಿದ್ದರೆ ಸ್ಲೈಡನ್ನು ತೆಗೆದು ನೋಡಿ. ಅದನ್ನು ಮಗುಚಿ ಇಟ್ಟಿರಬಹುದು. ಆಗ ಮಸೂರಕ್ಕೂ ಪೊರೆಗೂ ನಡುವೆ ಒಂದು ಮಿ.ಮೀ.ಗೂ ಹೆಚ್ಚು ದಪ್ಪದ ಸ್ಲೈಡ್ ಗಾಜು ಬರುತ್ತದೆ. 10ಎಕ್ಸ್‌ಗೆ ಅಷ್ಟು ಅಂತರ ತಡೆಯುತ್ತದೆ, 40ಎಕ್ಸ್‌ಗೆ ತಡೆಯದು. ಅದನ್ನು ರೂಪಿಸಿರುವುದು ಸುಮಾರು 0.17 ಮಿ.ಮೀ. ದಪ್ಪದ ಕವರ್ ಸ್ಲಿಪ್ ಮೂಲಕ ನೋಡಲು. ಎರಡು ಕವರ್ ಸ್ಲಿಪ್ ಒಂದಕ್ಕೊಂದು ಅಂಟಿಕೊಂಡು ಬಂದಿದ್ದರೂ ಮಸುಕು ತಪ್ಪದು. ಹೊಸ ಡಬ್ಬಿಯಲ್ಲಿ ಇದು ಆಗಾಗ ಆಗುತ್ತದೆ.

ಕೆಲವು ಕೋಶಗಳಲ್ಲಿ ಕೋಶಕೇಂದ್ರವೇ ಇಲ್ಲವಲ್ಲ?

ಇದೆ, ನೀವು ಫೋಕಸ್ ಮಾಡಿರುವ ಮಟ್ಟದಲ್ಲಿಲ್ಲ. ಕೋಶ ಚಪ್ಪಟೆ ಚಿತ್ರವಲ್ಲ, ಅದಕ್ಕೆ ಆಳವಿದೆ. ಒಳಗಿನ ಬಹುಪಾಲು ಜಾಗವನ್ನು ದೊಡ್ಡ ರಸದಾನಿ ತುಂಬಿರುವುದರಿಂದ ಕೋಶದ್ರವ್ಯ ಭಿತ್ತಿಗೆ ಒತ್ತಿಕೊಂಡ ತೆಳು ಪದರವಾಗಿರುತ್ತದೆ, ಕೋಶಕೇಂದ್ರವೂ ಅದರೊಂದಿಗೆ ಯಾವುದಾದರೊಂದು ಬದಿಗೆ ಸರಿದಿರುತ್ತದೆ. ಆ ಬದಿ ಪಕ್ಕದ ಭಿತ್ತಿಯಾದರೆ ಅಂಚಿನಲ್ಲಿ ಅರ್ಧಚಂದ್ರದಂತೆ ಕಾಣುತ್ತದೆ, ಮೇಲಿನ ಅಥವಾ ಕೆಳಗಿನ ಭಿತ್ತಿಯಾದರೆ ಕೋಶದ ನಡುವೆ ದುಂಡಗೆ ಕಾಣುತ್ತದೆ. 40ಎಕ್ಸ್‌ನಲ್ಲಿ ಚಿಕ್ಕ ತಿರುಪನ್ನು ಹಿಂದೆ ಮುಂದೆ ನಿಧಾನಕ್ಕೆ ಆಡಿಸಿದರೆ ‘ಇಲ್ಲದ’ ಕೋಶಕೇಂದ್ರಗಳು ಒಂದೊಂದಾಗಿ ಸ್ಪಷ್ಟವಾಗುತ್ತವೆ. ಅದರೊಳಗೆ ಒಂದೋ ಎರಡೋ ಸಣ್ಣ ಚುಕ್ಕಿ ಕಂಡರೆ ಅವು ಕಿರುಕೋಶಕೇಂದ್ರಗಳು. ಪೊರೆ ಬಿಡಿಸುವಾಗ ಹರಿದ ಕೋಶಗಳು ಮಾತ್ರ ನಿಜಕ್ಕೂ ಖಾಲಿ.

1831ರಲ್ಲಿ ರಾಬರ್ಟ್ ಬ್ರೌನ್ ಕೋಶಕೇಂದ್ರಕ್ಕೆ ಹೆಸರಿಟ್ಟದ್ದೂ ಆರ್ಕಿಡ್ ಗಿಡದ ಇಂಥದೇ ಹೊರಪೊರೆಯನ್ನು ನೋಡಿ.

ಕೋಶಪೊರೆ, ಹರಿತ್ತು, ಮೈಟೋಕಾಂಡ್ರಿಯಾ ಗುರುತಿಸಬಹುದೇ?

ಹರಿತ್ತು ಇಲ್ಲಿ ಇಲ್ಲವೇ ಇಲ್ಲ, ಬೆಳಕು ಕಾಣದ ಸಂಗ್ರಹ ಪದರ ಇದು. ಮೈಟೋಕಾಂಡ್ರಿಯಾವನ್ನು ಶಾಲೆಯ ಸೂಕ್ಷ್ಮದರ್ಶಕದಲ್ಲಿ, ಈ ಬಣ್ಣಗಳಲ್ಲಿ ಗುರುತಿಸಲಾಗದು. ಕಾಣದ್ದನ್ನು ಚಿತ್ರದಲ್ಲಿ ಬರೆದು ಹೆಸರು ಹಾಕಬೇಡಿ. ಕೋಶಪೊರೆ ಇದೆ, ಆದರೆ ಭಿತ್ತಿಗೆ ಅಂಟಿಕೊಂಡಿರುವುದರಿಂದ ಬೇರೆಯಾಗಿ ಕಾಣುವುದಿಲ್ಲ.

ಅದನ್ನು ಬೇರ್ಪಡಿಸಿ ನೋಡಲು ಒಂದು ದಾರಿ ಇದೆ, ಅದಕ್ಕೆ ಬಣ್ಣ ಹಾಕದ ಜೀವಂತ ಪೊರೆ ಬೇಕು. ಕೆಂಪು ಈರುಳ್ಳಿಯ ಉಬ್ಬಿದ ಮೈಯಿಂದ, ನೇರಳೆ ಬಣ್ಣವಿರುವ ಪೊರೆಯ ಚೂರೊಂದನ್ನು ತೆಗೆಯಿರಿ. ತಿರುಳು ಸ್ವಲ್ಪ ಅಂಟಿದ್ದರೂ ತೆಳ್ಳಗಿನ ಅಂಚು ಸಾಕು. ನೀರಿನಲ್ಲಿ ಇಟ್ಟು ನೋಡಿದಾಗ ರಸದಾನಿಯ ನೇರಳೆ ಬಣ್ಣ ಕೋಶವನ್ನು ಅಂಚಿನವರೆಗೂ ತುಂಬಿರುತ್ತದೆ. 50 ಮಿ.ಲೀ. ನೀರಿಗೆ 5 ಗ್ರಾಂ ಉಪ್ಪು ಕರಗಿಸಿ, ಮೇಲೆ ಹೇಳಿದಂತೆ ಫಿಲ್ಟರ್ ಪೇಪರಿನಿಂದ ಆ ದ್ರಾವಣವನ್ನು ಕವರ್ ಸ್ಲಿಪ್ ಅಡಿಗೆ ಹಾಯಿಸಿ. ಕೆಲವೇ ನಿಮಿಷಗಳಲ್ಲಿ ನೇರಳೆ ಭಾಗ ಭಿತ್ತಿಯಿಂದ ಕಳಚಿಕೊಂಡು ಒಳಕ್ಕೆ ಕುಗ್ಗುತ್ತದೆ. ಆ ಕುಗ್ಗಿದ ಮುದ್ದೆಯ ಹೊರ ಅಂಚೇ ಕೋಶಪೊರೆ. ಬೇಗನೆ ಬರಿಯ ನೀರು ಹಾಯಿಸಿದರೆ ಮತ್ತೆ ಹಿಗ್ಗಿ ತುಂಬಿಕೊಳ್ಳುತ್ತದೆ. ಅಯೋಡಿನ್ ಹಾಕಿದ ಪೊರೆಯಲ್ಲಿ ಇದು ನಡೆಯದು, ಕೋಶಗಳು ಸತ್ತಿರುತ್ತವೆ.

ಕೋಶದ ಅಳತೆ ಕಂಡುಹಿಡಿಯಬಹುದೇ? ಚಿತ್ರಕ್ಕೆ ‘100 ಪಟ್ಟು’ ಎಂದು ಬರೆದರೆ ಸರಿಯೇ?

ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲನ್ನು ಸ್ಲೈಡಿನ ಜಾಗದಲ್ಲಿಟ್ಟು 10ಎಕ್ಸ್ ಮಸೂರದಲ್ಲಿ ವೃತ್ತದ ಅಡ್ಡಗಲ ಎಷ್ಟು ಮಿ.ಮೀ. ಎಂದು ನೋಡಿಕೊಳ್ಳಿ. ಅದು 1.8 ಮಿ.ಮೀ. ಬಂತು ಎನ್ನಿ. ಈಗ ಈರುಳ್ಳಿ ಸ್ಲೈಡ್ ಇಟ್ಟು, ಆ ಅಡ್ಡಗಲದಲ್ಲಿ ಕೋಶಗಳು ಉದ್ದಕ್ಕೆ ಎಷ್ಟು ಹಿಡಿಸುತ್ತವೆ ಎಂದು ಎಣಿಸಿ. ಆರು ಹಿಡಿಸಿದರೆ ಒಂದರ ಉದ್ದ 1.8 ಭಾಗಿಸು 6, ಅಂದರೆ 0.3 ಮಿ.ಮೀ. ಸ್ಲೈಡನ್ನು ತಿರುಗಿಸಿ ಅಗಲಕ್ಕೆ 24 ಎಣಿಸಿದರೆ ಅಗಲ 0.075 ಮಿ.ಮೀ.

ಚಿತ್ರದ ಮಾತು ಬೇರೆ. 10ಎಕ್ಸ್ ಐಪೀಸ್, 10ಎಕ್ಸ್ ಮಸೂರ ಸೇರಿ ಕಣ್ಣಿಗೆ 100 ಪಟ್ಟು ದೊಡ್ಡದಾಗಿ ಕಾಣುತ್ತದೆ ನಿಜ. ಆದರೆ ನೀವು 0.3 ಮಿ.ಮೀ. ಕೋಶವನ್ನು ಹಾಳೆಯಲ್ಲಿ 6 ಸೆಂ.ಮೀ. ಉದ್ದ ಬರೆದಿದ್ದರೆ, 60 ಮಿ.ಮೀ. ಭಾಗಿಸು 0.3, ಚಿತ್ರ 200 ಪಟ್ಟು. ಹಾಗಾಗಿ ‘10ಎಕ್ಸ್ ಮಸೂರದಲ್ಲಿ ಕಂಡಂತೆ’ ಎಂದು ಬರೆದು, ಚಿತ್ರದ ಪಟ್ಟನ್ನು ಬೇರೆಯಾಗಿ ಕೊಡುವುದು ಸರಿ.

ಮಾಡಿದ ಸ್ಲೈಡನ್ನು ಎಷ್ಟು ದಿನ ಇಡಬಹುದು?

ನೀರಿನದು ಅಂದಿಗಷ್ಟೇ. ಅಂಚಿನಿಂದ ಒಣಗುತ್ತ ಬಂದಂತೆ ಗಾಳಿ ಒಳಸೇರಿ ಕರಿ ಗೆರೆಗಳು ಮೂಡುತ್ತವೆ. ಗ್ಲಿಸರಿನ್‌ನದಾದರೆ ಕವರ್ ಸ್ಲಿಪ್ಪಿನ ಸುತ್ತ ಒರೆಸಿ, ಬಣ್ಣವಿಲ್ಲದ ನೈಲ್ ಪಾಲಿಶ್ ಹಚ್ಚಿ ಅಂಚು ಮುಚ್ಚಿದರೆ ಕೆಲವು ದಿನ ತಡೆಯುತ್ತದೆ. ಅಂಚಿನಲ್ಲಿ ಗ್ಲಿಸರಿನ್ ಉಳಿದಿದ್ದರೆ ಪಾಲಿಶ್ ಹಿಡಿಯುವುದಿಲ್ಲ. ಚಪ್ಪಟೆಯಾಗಿ ಮಲಗಿಸಿಡಿ, ಮತ್ತು ಬಿಸಿಲಿನಿಂದ ದೂರವಿಡಿ.